‘ಅಂಡವಾಯು’ ಅಂದರೆ ಹೆಂಗಸರಿಗೆ ಹೊಂದಲ್ಲ. ಫೆಮೊರಲ್ ಹರ್ನಿಯಾಕ್ಕೆ ಏನನ್ನೋಣ?

ಗೆಳೆಯರೇ,

ವಯಸ್ಸಾದ ಹೆಂಗಸರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ತೊಡೆಸಂದಿನ ಗೆರೆಗಿಂತ ಸ್ವಲ್ಪ ಕೆಳಗೆ ಬರುವ ಹರ್ನಿಯಾಕ್ಕೆ ಒಂದು ಪದ ಬೇಕು. ‘ಅಂಡವಾಯು’ ಎಂದು ಬರೆದರೆ ಅದು ಗಂಡಸರ ತೊಂದರೆ ಅಂತ ಹಾಳೆ ಮಡಚಿಡುತ್ತಾರೆ. ‘ತೊಡೆಸಂದಿನ ಹರ್ನಿಯಾ’ ಎಂದರೆ ಗೆರೆಗಿಂತ ಮೇಲಿನದ್ದಾಗುತ್ತದೆ.

ನನ್ನ ಸೋದರತ್ತೆಗೆ 74 ವರ್ಷ. ಅಲ್ಲಿ ಗೋಲಿಯಷ್ಟು ಗಂಟು ಬಂದಿತ್ತು, ನೋವಿರಲಿಲ್ಲ. ಕಾಲಿನ ಗಾಯಕ್ಕೆ ಬಂದ ಗಂಟು ಅಂದುಕೊಂಡು ಎರಡು ತಿಂಗಳು ಸುಮ್ನೆ ಇದ್ದೆವು. ಒಂದು ರಾತ್ರಿ ವಾಂತಿ ಶುರುವಾಯಿತು, ಹೊಟ್ಟೆ ಉಬ್ಬಿತು. ಆಸ್ಪತ್ರೆಯಲ್ಲಿ ಅತ್ತೆ ಗಂಟಿನ ಮಾತೇ ಎತ್ತಲಿಲ್ಲ, ನಾಚಿಕೆ. ಆಪರೇಷನ್ ಮಾಡಿದಾಗ ಒಳಗೆ ಕರುಳಿನ ತುಂಡು ಕಪ್ಪಾಗಿತ್ತು, ಕತ್ತರಿಸಿ ತೆಗೆದರು. ಈಗ ಚೆನ್ನಾಗಿದ್ದಾರೆ.

ಮೊದಲ ಉತ್ತರ

‘ತೊಡೆ ಹರ್ನಿಯಾ’ ಸಾಕಲ್ವಾ? ಗುರುತಿಸುವುದೂ ಸುಲಭ. ಕೆಮ್ಮಿದರೆ ಉಬ್ಬುತ್ತದೆ, ಮಲಗಿದರೆ ಒಳಗೆ ಹೋಗುತ್ತದೆ. ಹಾಗಾಗದಿದ್ದರೆ ಹರ್ನಿಯಾ ಅಲ್ಲ.

ಎರಡನೆಯದು

ನನಗೂ ಹರ್ನಿಯಾ ಇದೆ ಸರ್, ಆರು ವರ್ಷದಿಂದ ಬೆಲ್ಟ್ ಹಾಕುತ್ತಿದ್ದೇನೆ. ಏನೂ ಆಗಿಲ್ಲ. ಅತ್ತೆಯವರೂ ಬೆಲ್ಟ್ ಹಾಕಿದ್ದರೆ ಸಾಕಾಗುತ್ತಿತ್ತೇನೋ.

ಮೂರನೆಯದು

ಸರ್ಜರಿ ವಾರ್ಡಿನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು ನಾನು. ಬೆಲ್ಟ್ ಬಗ್ಗೆ ಬರೆದವರೇ, ನಿಮ್ಮದು ಬಹುಶಃ ಗೆರೆಗಿಂತ ಮೇಲಿನದು. ಗಂಡಸರಲ್ಲಿ ಅದು ತೊಂದರೆ ಕೊಡದಿದ್ದರೆ ವೈದ್ಯರೇ ಕಾದು ನೋಡೋಣ ಅನ್ನುವುದುಂಟು. ಗೆರೆಯ ಕೆಳಗಿನದಕ್ಕೆ ಹಾಗೆ ಕಾಯುವುದಿಲ್ಲ, ಬೆಲ್ಟೂ ತಡೆಯುವುದಿಲ್ಲ.

ಕಾರಣ ಕರುಳು ಹೊರಬರುವ ದಾರಿಯ ಬಾಯಿಯ ಅಳತೆ. ತೊಡೆಗೆ ಇಳಿಯುವ ದೊಡ್ಡ ರಕ್ತನಾಳದ ಪಕ್ಕದ ಕಿರುದಾರಿಯಲ್ಲಿ ಕರುಳು ನುಸುಳುತ್ತದೆ. ರಕ್ತನಾಳದ ಕಡೆ ಬಿಟ್ಟರೆ ಉಳಿದ ಮೂರು ಕಡೆಯೂ ಗಟ್ಟಿ ನಾರು, ಹಿಗ್ಗುವುದಿಲ್ಲ. ನುಸುಳಿದ್ದು ಊದಿದರೆ ಆ ಬಾಯಿಯಲ್ಲೇ ಬಿಗಿದು ರಕ್ತ ಹರಿಯುವುದು ನಿಲ್ಲುತ್ತದೆ. ಬಾಯಿ ಬಿಗಿಯಾಗಿರುವುದರಿಂದಲೇ ಎಷ್ಟೋ ಸಲ ಕೆಮ್ಮಿದರೂ ಉಬ್ಬಲ್ಲ, ಮಲಗಿದರೂ ಹೋಗಲ್ಲ. ಹಾಗಾಗಿ ಮೊದಲ ಉತ್ತರದ ಕೊನೆಯ ಮಾತನ್ನು ದಯವಿಟ್ಟು ಕರಪತ್ರಕ್ಕೆ ಹಾಕಬೇಡಿ. ಮಲಗಿದ ಕೂಡಲೇ ಮಾಯವಾಗುವ ಮೆತ್ತನೆಯ ಉಬ್ಬು, ಊದಿದ ರಕ್ತನಾಳವೂ ಆಗಿರಬಹುದು.

ಇನ್ನೊಂದು ಮಾತು. ಕೆಲವೊಮ್ಮೆ ಕರುಳಿನ ಗೋಡೆಯ ಒಂದು ಮಗ್ಗುಲು ಮಾತ್ರ ಸಿಕ್ಕಿಕೊಳ್ಳುತ್ತದೆ. ಆಗ ವಾಂತಿಯಿಲ್ಲದೆ, ಮಲ ಕಟ್ಟದೆ ಆ ಭಾಗ ಕೊಳೆಯಬಹುದು. ವಾರ್ಡಿನಲ್ಲಿ ನಾವು ಗಂಟು ಒಳಗೆ ಹೋಗದಿದ್ದರೆ ‘ಸಿಕ್ಕಿಕೊಂಡಿದೆ’, ರಕ್ತ ಹರಿಯುವುದೂ ನಿಂತಿದ್ದರೆ ‘ಬಿಗಿದುಕೊಂಡಿದೆ’ ಎಂದು ಬೇರೆ ಬೇರೆ ಹೇಳುತ್ತಿದ್ದೆವು. ಎರಡನೆಯದು ಕೇಳಿದರೆ ಆಪರೇಷನ್ ಥಿಯೇಟರಿಗೇ ಓಟ.

ಕೇಳಿದವರು

ಹಾಗಾದರೆ ಹೀಗೆ ಬರೆಯಲೇ: ‘ತೊಡೆಸಂದಿನ ಗೆರೆಯ ಕೆಳಗೆ ಹೊಸ ಗಂಟು ಕಂಡರೆ, ನೋವಿಲ್ಲದಿದ್ದರೂ ಕೆಲವೇ ದಿನಗಳಲ್ಲಿ ತೋರಿಸಿ. ಗಂಟು ಗಟ್ಟಿಯಾಗಿ ನೋಯತೊಡಗಿದರೆ, ಇಲ್ಲವೇ ವಾಂತಿ ಬಂದರೆ, ಅದೇ ಗಳಿಗೆ ಆಸ್ಪತ್ರೆಗೆ ಹೋಗಿ.’ ಹೆಸರು ‘ತೊಡೆಬುಡದ ಹರ್ನಿಯಾ’.

ಮೂರನೆಯವರು

ವಾಕ್ಯ ಸರಿ. ವಾಂತಿಯೆಂದು ಬಂದವರು ಗಂಟನ್ನೂ ತೋರಿಸಬೇಕು ಎಂದು ಸೇರಿಸಿ. ಹೆಸರಿನ ಬಗ್ಗೆ ನನಗಿನ್ನೂ ಅನುಮಾನ. ‘ತೊಡೆಬುಡ’ ಎಂದರೆ ಕೆಲವರು ಹಿಂಬದಿಗೆ ಕೈ ಇಡುತ್ತಾರೆ.