ಅಪ್‌ಡೇಟ್: 1,35,000 ವ್ಯತ್ಯಾಸ ಸಿಕ್ಕಿತು

ನಾನು ಕೇಳಿದ್ದು: "ನಮ್ಮ ಪಾರ್ಟ್ನರ್‌ಶಿಪ್ ಫರ್ಮ್‌ನ 2024-25ರ ಲಾಭ ಪುಸ್ತಕದಲ್ಲಿ 9,40,000. ತೆರಿಗೆಗೆ 10,75,000 ಯಾಕೆ?"

ಕೆಲವರು ಜಿಎಸ್‌ಟಿ ಲೆಕ್ಕ ತಾಳೆ ನೋಡಿ ಅಂದಿದ್ರು. ನೋಡಿದೆ, ಅಲ್ಲಿ ಏನೂ ಇರಲಿಲ್ಲ. ಖರ್ಚಿನ ಲೆಡ್ಜರ್ ಒಂದೊಂದಾಗಿ ತೆರೆಯಿರಿ ಅಂದವರ ಸಲಹೆ ಕೆಲಸ ಮಾಡಿತು. ಅವರಿಗೆ ತುಂಬಾ ಥ್ಯಾಂಕ್ಸ್.

ಗೋದಾಮಿನ ಬಾಡಿಗೆ 3,00,000. ಟಿಡಿಎಸ್ ಹಿಡಿದಿರಲಿಲ್ಲ. ಅದಕ್ಕೆ ಶೇ. 30, ಅಂದರೆ 90,000 ಲಾಭಕ್ಕೆ ವಾಪಸ್ ಸೇರಿತು. ಡಬ್ಬಿ ಸಪ್ಲೈಯರ್‌ಗೆ ಒಂದೇ ದಿನ 25,000 ನಗದು ಕೊಟ್ಟಿದ್ದೆವು. ಮಿತಿ 10,000 ಅಲ್ವಾ, ಹಾಗಾಗಿ ಪೂರ್ತಿ 25,000 ಸೇರಿತು. ಉಳಿದದ್ದು ಸವಕಳಿ: ಪುಸ್ತಕದ 60,000 ಕೂಡಿಸಿ, ತೆರಿಗೆ ದರದ 40,000 ಕಳೆದರೆ 20,000.

ನನಗೆ ಗೊತ್ತೇ ಇರಲಿಲ್ಲದ ವಿಷಯ ಒಂದಿದೆ. ಆ 90,000 ಶಾಶ್ವತವಾಗಿ ಹೋಗಿಲ್ಲ. ಟಿಡಿಎಸ್ ಹಿಡಿದು ಕಟ್ಟಿದ ವರ್ಷ ಖರ್ಚಾಗಿ ಸಿಗುತ್ತದೆ. ಗೋದಾಮಿನ ಮಾಲೀಕರು ಈ ಬಾಡಿಗೆಯನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದ್ದರೆ ಸಿಎ ಸಹಿಯ ಫಾರ್ಮ್ 26ಎ ದಾರಿಯೂ ಇದೆ. ಮಾಲೀಕರನ್ನು ಕೇಳಿದ್ದೇನೆ, ಕೊಡಿಸುತ್ತೇನೆ ಅಂದಿದ್ದಾರೆ. ನಗದಿನ 25,000 ಮಾತ್ರ ಯಾವ ವರ್ಷವೂ ವಾಪಸ್ ಬರಲ್ಲ.