ಮೆಂಡೆಲಿಯಿಂದ ಝೊಟೆರೊಗೆ: ಟ್ಯಾಗು, ಟಿಪ್ಪಣಿ, ಪಿಡಿಎಫ್, ಗುಂಪಿನ ಫೋಲ್ಡರು ಎಲ್ಲ ಹಾಗೇ ಬರುತ್ತವಾ?

ಕೇಳಿದವರು (ಪಿಎಚ್‌ಡಿ ವಿದ್ಯಾರ್ಥಿನಿ, ಧಾರವಾಡ): ರಾಗಿ ಬೆಂಕಿ ರೋಗದ ಮೇಲೆ ಕೆಲಸ ಮಾಡ್ತಿದ್ದೀನಿ. ಮೆಂಡೆಲಿಯಲ್ಲಿ ಸುಮಾರು 1,400 ಲೇಖನ, 1.8 ಜಿಬಿ ಪಿಡಿಎಫ್ ಇವೆ. ನಾವು ಐದು ಜನ ಸೇರಿ ಬಳಸುವ ಒಂದು ಗುಂಪೂ ಇದೆ, ಅದರ ಫೈಲುಗಳು 250 ಎಂಬಿ ಇರಬಹುದು. ಎಲ್ಲರೂ ಝೊಟೆರೊಗೆ ಹೋಗಬೇಕು ಅಂತ ತೀರ್ಮಾನ ಆಗಿದೆ. ಟ್ಯಾಗು, ಹೈಲೈಟು, ಫೋಲ್ಡರು ಒಂದೂ ಹೋಗಬಾರದು. ಮಾಡಿದವರು ದಯವಿಟ್ಟು ಹೇಳಿ.

ಲೈಬ್ರರಿಯನ್, ಶಿವಮೊಗ್ಗ: ನಮ್ಮಲ್ಲಿ ಸುಮಾರು ವಿದ್ಯಾರ್ಥಿಗಳಿಗೆ ಇದನ್ನ ಮಾಡಿಕೊಟ್ಟಿದ್ದೀನಿ ಕಣಮ್ಮ. ನಿಮ್ಮ ಸ್ವಂತ ಲೈಬ್ರರಿಯದು ಸುಲಭ. ತಲೆನೋವು ಇರೋದು ಗುಂಪಿನದು. ಎರಡನ್ನೂ ಬೇರೆ ಬೇರೆ ಕೆಲಸ ಅಂತಲೇ ಇಟ್ಟುಕೊಳ್ಳಿ.

ಸ್ವಂತದ್ದು ಮೊದಲು. ಝೊಟೆರೊದಲ್ಲಿ `File → Import…` ಒತ್ತಿದರೆ ಮೆಂಡೆಲಿಯ ಆನ್‌ಲೈನ್ ಇಂಪೋರ್ಟ್ ಅಂತ ಒಂದು ಆಯ್ಕೆ ಸಿಗುತ್ತದೆ. ಅಲ್ಲಿ ಮೆಂಡೆಲಿ ಖಾತೆಗೆ ಲಾಗಿನ್ ಆಗಬೇಕು. ಝೊಟೆರೊ ಎಲ್ಲವನ್ನೂ ಮೆಂಡೆಲಿಯ ಸರ್ವರ್‌ನಿಂದ ಇಳಿಸಿಕೊಳ್ಳುತ್ತದೆ, ನಿಮ್ಮ ಕಂಪ್ಯೂಟರಿನಿಂದ ಅಲ್ಲ. ಮಿಕ್ಕ ಎಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ. ಸರ್ವರ್‌ಗೆ ಸಿಂಕ್ ಆಗದ ಪಿಡಿಎಫ್ ನಿಮ್ಮ ಡಿಸ್ಕಿನಲ್ಲಿ ಇದ್ದರೂ ಝೊಟೆರೊಗೆ ಬರುವುದಿಲ್ಲ. ಲೇಖನದ ವಿವರ ಬರುತ್ತದೆ, ಫೈಲ್ ಇರುವುದಿಲ್ಲ. ಹಾಗಾಗಿ ಮೊದಲು ಬೇರೆ ಒಂದು ಕಂಪ್ಯೂಟರಿನ ಬ್ರೌಸರ್‌ನಲ್ಲಿ ಮೆಂಡೆಲಿ ತೆರೆದು, ಹಳೆಯ ಹತ್ತಿಪ್ಪತ್ತು ಪಿಡಿಎಫ್ ಅಲ್ಲಿಂದಲೇ ತೆರೆಯುತ್ತಾ ನೋಡಿ.

ಇಂಪೋರ್ಟ್ ಶುರು ಮಾಡುವ ಮುಂಚೆ ಝೊಟೆರೊದ ಆಟೋ ಸಿಂಕ್ ಆಫ್ ಮಾಡಿ. ಬಂದದ್ದೆಲ್ಲ ಸರಿ ಇದೆ ಅಂತ ಖಾತ್ರಿ ಆಗುವವರೆಗೆ ಅದು ಸರ್ವರ್‌ಗೆ ಹೋಗುವುದು ಬೇಡ. ಝೊಟೆರೊ ಮುಚ್ಚಿ, ಅದರ ಡೇಟಾ ಫೋಲ್ಡರಿನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಅದರಲ್ಲಿ `zotero.sqlite` ಫೈಲೂ `storage` ಫೋಲ್ಡರೂ ಇರುತ್ತವೆ. ಎರಡೂ ಬೇಕು.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು: ಇಷ್ಟೆಲ್ಲ ಯಾಕೆ? ಮೆಂಡೆಲಿಯಿಂದ ಬಿಬ್‌ಟೆಕ್ ಎಕ್ಸ್‌ಪೋರ್ಟ್ ಮಾಡಿ ಝೊಟೆರೊಗೆ ಹಾಕಿದ್ರೆ ಮುಗೀತು. ಆಮೇಲೆ ಝೊಟೆರೊ ಫೋಲ್ಡರನ್ನ ಗೂಗಲ್ ಡ್ರೈವ್‌ನಲ್ಲಿ ಇಟ್ಟುಬಿಡಿ. ಜಾಗದ ಚಿಂತೆನೂ ಇಲ್ಲ, ದುಡ್ಡೂ ಕೊಡೋದು ಬೇಡ.

ಲೈಬ್ರರಿಯನ್, ಶಿವಮೊಗ್ಗ: ಬಿಬ್‌ಟೆಕ್‌ನಲ್ಲಿ ಲೇಖಕರು, ಶೀರ್ಷಿಕೆ, ಕೀವರ್ಡು ಬರುತ್ತವೆ ಸರ್. ಪಿಡಿಎಫ್ ಮೇಲೆ ಎಳೆದ ಹೈಲೈಟ್ ಬರುವುದಿಲ್ಲ. ಫೋಲ್ಡರು ಉಳಿಸೋಣ ಅಂತ ಒಂದೊಂದೇ ಫೋಲ್ಡರನ್ನ ಎಕ್ಸ್‌ಪೋರ್ಟ್ ಮಾಡಿದರೆ, ಎರಡು ಫೋಲ್ಡರಿನಲ್ಲಿದ್ದ ಲೇಖನ ಝೊಟೆರೊದಲ್ಲಿ ಎರಡು ಲೇಖನ ಆಗುತ್ತದೆ. ಆನ್‌ಲೈನ್ ಇಂಪೋರ್ಟ್‌ನಲ್ಲಿ ಹಾಗಾಗುವುದಿಲ್ಲ. ಒಂದೇ ಲೇಖನ ಎರಡೂ ಕಡೆ ಕಾಣುತ್ತದೆ. ಆದರೂ ಆ `.bib` ಫೈಲ್ ಒಂದು ಮಾಡಿಟ್ಟುಕೊಳ್ಳಿ. ಎಣಿಸೋಕೆ ಬೇಕಾಗುತ್ತದೆ, ಕೆಳಗೆ ಹೇಳ್ತೀನಿ.

ಡ್ರೈವ್ ವಿಷಯ ಮಾತ್ರ ಖಂಡಿತ ಬೇಡ. ಝೊಟೆರೊ ಓಡುತ್ತಿರುವಾಗ `zotero.sqlite` ಸದಾ ಬದಲಾಗುತ್ತಾ ಇರುತ್ತದೆ. ಡ್ರೈವ್ ಅದನ್ನ ಅರ್ಧಂಬರ್ಧ ನಕಲು ಮಾಡಿದರೆ ಡೇಟಾಬೇಸೇ ಕೆಡುತ್ತದೆ. ಹಾಗೆ ಮಾಡಬೇಡಿ ಅಂತ ಝೊಟೆರೊದವರೇ ಬರೆದಿದ್ದಾರೆ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು: ಸರಿ, ಡೇಟಾಬೇಸ್ ಬೇಡ. ಪಿಡಿಎಫ್ ಮಾತ್ರ ಡ್ರೈವ್‌ನಲ್ಲಿಟ್ಟು ಝೊಟೆರೊದಿಂದ ಲಿಂಕ್ ಕೊಡಬಹುದಲ್ವಾ? ನಾನು ವರ್ಷಗಳಿಂದ ಹಾಗೇ ನಡೆಸ್ತಿದ್ದೀನಿ, ಏನೂ ಆಗಿಲ್ಲ.

ಲೈಬ್ರರಿಯನ್, ಶಿವಮೊಗ್ಗ: ಒಬ್ಬರೇ ಬಳಸುವುದಾದರೆ ಅದು ಒಳ್ಳೆಯ ದಾರಿಯೇ. ಆದರೆ ಝೊಟೆರೊ ಗುಂಪಿನಲ್ಲಿ ಲಿಂಕ್ ಮಾಡಿದ ಫೈಲ್ ಇಡೋಕೆ ಬಿಡುವುದಿಲ್ಲ. ಇವರು ಐದು ಜನ.

ಪೋಸ್ಟ್‌ಡಾಕ್, ಸ್ವೀಡನ್: ನಮ್ಮ ಲ್ಯಾಬ್ ಗುಂಪನ್ನ ನಾನೇ ದಾಟಿಸಿದ್ದು, ಅದರ ಬಗ್ಗೆ ಬರೀತೀನಿ. ಮೆಂಡೆಲಿ ಇಂಪೋರ್ಟ್ ನಿಮ್ಮ ಸ್ವಂತ ಲೈಬ್ರರಿಯನ್ನ ಮಾತ್ರ ತರುತ್ತದೆ. ಗುಂಪಿನಲ್ಲಿ ಮಾತ್ರ ಇರುವ ಲೇಖನ ಬರುವುದೇ ಇಲ್ಲ. ತಪ್ಪಾಗಿದೆ ಅಂತ ಎಚ್ಚರಿಕೆಯೂ ಬರುವುದಿಲ್ಲ. ಎಷ್ಟೋ ಜನ ಮೆಂಡೆಲಿ ಖಾತೆ ಅಳಿಸಿದ ಮೇಲೆ ಇದನ್ನ ಗಮನಿಸ್ತಾರೆ.

ನಾವು ಮಾಡಿದ್ದು ಹೀಗೆ. ಐದೂ ಜನ ಇಂಪೋರ್ಟ್ ಮಾಡಬಾರದು, ಗುಂಪಿನ ಕೆಲಸ ಒಬ್ಬರದೇ ಅಂತ ಮೊದಲೇ ಗೊತ್ತು ಮಾಡಿಕೊಂಡೆವು. ಆ ಒಬ್ಬರು ಮೆಂಡೆಲಿಯ ಸ್ವಂತ ಲೈಬ್ರರಿಯಲ್ಲಿ ಗುಂಪಿನ ಹೆಸರಲ್ಲೇ ಒಂದು ಫೋಲ್ಡರ್ ಮಾಡಿ, ಗುಂಪಿನ ಲೇಖನಗಳನ್ನೆಲ್ಲ ಅದಕ್ಕೆ ಸೇರಿಸಿದರು. ಗುಂಪಿನೊಳಗೆ ಉಪಫೋಲ್ಡರ್ ಇದ್ದರೆ ಇಲ್ಲೂ ಅದೇ ಹೆಸರಿನಲ್ಲಿ ಮಾಡಿ, ಒಂದೊಂದಾಗಿ ತುಂಬಬೇಕು. ಬೇಸರದ ಕೆಲಸ, ಆದರೆ ಒಂದೇ ಸಲ. ಆಮೇಲೆ ಸಿಂಕ್ ಮಾಡಿ, ಫೈಲುಗಳು ಸರ್ವರ್ ಸೇರುವವರೆಗೆ ಕಾದು, ಆಮೇಲೆ ಇಂಪೋರ್ಟ್.

ಝೊಟೆರೊಗೆ ಬಂದ ಮೇಲೆ ಝೊಟೆರೊ ವೆಬ್‌ಸೈಟಿನಲ್ಲಿ ಖಾಸಗಿ ಗುಂಪು ಮಾಡಿ. ಯಾರು ಬೇಕಾದರೂ ಸೇರಬಹುದಾದ ಗುಂಪು ಮಾಡಿದರೆ ಅದರಲ್ಲಿ ಫೈಲ್ ಇಡೋಕೆ ಆಗಲ್ಲ. ಆಮೇಲೆ ಆ ಫೋಲ್ಡರನ್ನ ಹಾಗೇ ಎಳೆದು ಗುಂಪಿನ ಮೇಲೆ ಬಿಡಿ, ಉಪಫೋಲ್ಡರ್ ಸಮೇತ ಹೋಗುತ್ತದೆ. ಎಳೆಯುವ ಮುಂಚೆ ಸೆಟ್ಟಿಂಗ್ಸ್‌ನ `General` ಪುಟದಲ್ಲಿ `Groups` ಅನ್ನೋ ಭಾಗ ನೋಡಿ. ಒಂದು ಲೈಬ್ರರಿಯಿಂದ ಇನ್ನೊಂದಕ್ಕೆ ನಕಲು ಮಾಡುವಾಗ ಟಿಪ್ಪಣಿ, ಫೈಲು, ಟ್ಯಾಗು ಜೊತೆಗೆ ಹೋಗಬೇಕಾ ಅಂತ ಅಲ್ಲಿ ಟಿಕ್ ಇರುತ್ತವೆ. ಟ್ಯಾಗಿನ ಟಿಕ್ ಇಲ್ಲದಿದ್ದರೆ ಗುಂಪಿಗೆ ಟ್ಯಾಗ್ ಹೋಗುವುದಿಲ್ಲ. ಒಂದೇ ಲೇಖನ ಎಳೆದು ನೋಡಿ, ಸರಿ ಬಂದರೆ ಮಿಕ್ಕದ್ದು.

ಎಳೆದ ಮೇಲೆ ಅದು ಬೇರೆಯೇ ಪ್ರತಿ. ಸ್ವಂತ ಲೈಬ್ರರಿಯಲ್ಲಿ ಟಿಪ್ಪಣಿ ತಿದ್ದಿದರೆ ಗುಂಪಿನಲ್ಲಿ ಬದಲಾಗುವುದಿಲ್ಲ. ಐದೂ ಜನ ಸೇರಿ ಲೇಖನ ಬರೆಯುವಾಗ ಎಲ್ಲರೂ ಗುಂಪಿನ ಪ್ರತಿಯನ್ನೇ ಉಲ್ಲೇಖಿಸಿ. ಇಲ್ಲದಿದ್ದರೆ ಒಂದೇ ಪೇಪರ್ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ.

ಕೇಳಿದವರು: ಗುಂಪಿನ ಪಿಡಿಎಫ್ ಮೇಲೆ ನಮ್ಮ ಸರ್ ಹಾಕಿದ ಹೈಲೈಟು, ಕಾಮೆಂಟು ಇವೆ. ಅವು?

ಪೋಸ್ಟ್‌ಡಾಕ್, ಸ್ವೀಡನ್: ನಮಗೆ ಅವು ಬರಲಿಲ್ಲ. ಗುಂಪಿನಿಂದ ಸ್ವಂತದ್ದಕ್ಕೆ ಸೇರಿಸಿದಾಗ ಪಿಡಿಎಫ್ ಬಂತು, ಬೇರೆಯವರ ಗುರುತು ಬರಲಿಲ್ಲ. ಮುಖ್ಯವಾದ ಪೇಪರುಗಳನ್ನ ಮೆಂಡೆಲಿಯಲ್ಲೇ ತೆರೆದು, ಗುರುತು ಸಮೇತ ಪಿಡಿಎಫ್ ಎಕ್ಸ್‌ಪೋರ್ಟ್ ಮಾಡಿ, ಝೊಟೆರೊದಲ್ಲಿ ಆ ಫೈಲನ್ನ ಸೇರಿಸಿದೆವು. ಆಗ ಗುರುತು ಕಾಣುತ್ತವೆ, ಆದರೆ ಪಕ್ಕದಲ್ಲಿ ಬೀಗದ ಚಿತ್ರ ಇರುತ್ತದೆ, ತಿದ್ದೋಕೆ ಆಗಲ್ಲ. ಪಿಡಿಎಫ್ ತೆರೆದಿಟ್ಟು `File → Import Annotations…` ಒತ್ತಿದರೆ ಅವು ಝೊಟೆರೊದ ಗುರುತುಗಳೇ ಆಗುತ್ತವೆ.

ಮಣ್ಣು ವಿಜ್ಞಾನ, ರಾಯಚೂರು: ನಮ್ಮ ಗುಂಪಿನದರಲ್ಲಿ ಕೆಲವು ಬಂದವು, ಕೆಲವು ಇಲ್ಲ. ಹಳೆಯ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಹಾಕಿದ್ದಕ್ಕೂ ಹೊಸದರಲ್ಲಿ ಹಾಕಿದ್ದಕ್ಕೂ ವ್ಯತ್ಯಾಸ ಇರಬಹುದು ಅಂತ ನನ್ನ ಅನುಮಾನ. ನಿಮ್ಮದರಲ್ಲಿ ಒಂದೆರಡು ಪೇಪರ್ ಮೇಲೆ ನೋಡಿಯೇ ಮುಂದೆ ಹೋಗಿ.

ಕನ್ನಡ ಸಂಶೋಧಕ, ಹಂಪಿ: ನನ್ನದೂ ಪಿಡಿಎಫ್ ಸಮಸ್ಯೆಯೇ. ನನ್ನ ಹತ್ತಿರ ಇರುವುದೆಲ್ಲ ಕನ್ನಡ ಲೇಖನ. ಝೊಟೆರೊದಲ್ಲಿ ಹುಡುಕಿದರೆ ಒಂದು ಪದವೂ ಸಿಗುತ್ತಿಲ್ಲ. ದಾಟಿಸುವಾಗ ಹಾಳಾಯ್ತಾ?

ಲೈಬ್ರರಿಯನ್, ಶಿವಮೊಗ್ಗ: ಇಲ್ಲ ಸರ್, ಅದು ದಾಟಿಸಿದ್ದರಿಂದ ಆದದ್ದಲ್ಲ. ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು. ಏನೂ ಕಾಪಿ ಆಗದಿದ್ದರೆ ಅದು ಸ್ಕ್ಯಾನ್. ಮೆಂಡೆಲಿಯಲ್ಲೂ ಸಿಗುತ್ತಿರಲಿಲ್ಲ. ನಿಮ್ಮ ಟ್ಯಾಗು, ಟಿಪ್ಪಣಿ ಕನ್ನಡದಲ್ಲಿದ್ದರೆ ಅವು ಸರಿಯಾಗೇ ಬರುತ್ತವೆ, ಹುಡುಕಿದರೆ ಸಿಗುತ್ತವೆ.

ಟ್ಯಾಗ್ ಮಾತು ಬಂತು, ಅದನ್ನ ಹೇಳಿಬಿಡ್ತೀನಿ. ಇಂಪೋರ್ಟ್ ಆದ ಕೂಡಲೇ ಎಡಗಡೆ ಕೆಳಗೆ ಟ್ಯಾಗುಗಳ ರಾಶಿ ನೋಡಿ ಗಾಬರಿ ಆಗ್ತೀರಿ. ಮೆಂಡೆಲಿಯಲ್ಲಿ ನೀವು ಹಾಕಿದ ಟ್ಯಾಗ್ ಬೇರೆ, ಪತ್ರಿಕೆಯವರು ಕೊಟ್ಟ ಕೀವರ್ಡ್ ಬೇರೆ. ಝೊಟೆರೊದಲ್ಲಿ ಎರಡೂ ಟ್ಯಾಗೇ, ಆದರೆ ಕೀವರ್ಡುಗಳು ಆಟೋಮ್ಯಾಟಿಕ್ ಟ್ಯಾಗ್ ಆಗಿ ಬರುತ್ತವೆ. ಟ್ಯಾಗ್ ಪೆಟ್ಟಿಗೆಯ ಮೂಲೆಯ ಗುಂಡಿ ಒತ್ತಿ ಆಟೋಮ್ಯಾಟಿಕ್ ತೋರಿಸುವುದನ್ನ ಆಫ್ ಮಾಡಿ. ಉಳಿದದ್ದು ನಿಮ್ಮ ಕೈಯಾರೆ ಹಾಕಿದ್ದು. ಒಂದೊಂದೇ ಅಳಿಸುತ್ತಾ ಕೂರಬೇಡಿ. ಜೊತೆಗೆ ನಿಮ್ಮದೂ ಹೋಗುತ್ತವೆ.

ಈಗ ಎಣಿಕೆ. ಮೊದಲು ಹೇಳಿದ `.bib` ಫೈಲ್ ಇದೆಯಲ್ಲ, ಲಿನಕ್ಸ್ ಅಥವಾ ಮ್ಯಾಕ್ ಆದರೆ ಇಷ್ಟು ಸಾಕು:

```
grep -c "^@" library.bib
find ~/Zotero/storage -iname "*.pdf" | wc -l
```

ಮೊದಲನೆಯದು ಮೆಂಡೆಲಿಯಲ್ಲಿದ್ದ ಲೇಖನಗಳ ಸಂಖ್ಯೆ. ಝೊಟೆರೊದಲ್ಲಿ ಎಲ್ಲವನ್ನೂ ಆರಿಸಿದಾಗ ಬಲಗಡೆ ಕಾಣುವ ಸಂಖ್ಯೆಗೆ ಅದು ಹೊಂದಬೇಕು. ಎರಡನೆಯದು ಬಂದಿರುವ ಪಿಡಿಎಫ್. ಅದು ತೀರಾ ಕಡಿಮೆ ಇದ್ದರೆ ಪೇಪರ್‌ಕ್ಲಿಪ್ ಚಿತ್ರದ ಕಾಲಮ್ ಮೇಲೆ ಒತ್ತಿ. ಫೈಲ್ ಇಲ್ಲದವೆಲ್ಲ ಒಂದೇ ಕಡೆ ಬರುತ್ತವೆ. ಅವುಗಳ ಫೈಲನ್ನ ಮೆಂಡೆಲಿಯಲ್ಲಿ ಮತ್ತೆ ಸಿಂಕ್ ಮಾಡಿ, ಇಂಪೋರ್ಟ್ ಇನ್ನೊಮ್ಮೆ ಓಡಿಸಿ. ಹಿಂದೆ ಬಂದ ಲೇಖನವನ್ನ ಝೊಟೆರೊ ಗುರುತು ಹಿಡಿಯುತ್ತದೆ, ಎರಡೆರಡು ಆಗುವುದಿಲ್ಲ.

ಗುಂಪಿನದ್ದನ್ನ ಸ್ವಂತದ್ದಕ್ಕೆ ಸೇರಿಸಿದಾಗ ಆದ ಜೋಡಿಗಳು ಬೇರೆ. ಅವನ್ನ ಮೆಂಡೆಲಿಯಲ್ಲಿ ಕೆದಕಬೇಡಿ. ಝೊಟೆರೊದ `Duplicate Items` ನಲ್ಲಿ ಮರ್ಜ್ ಮಾಡಿ. ಎರಡರ ಟ್ಯಾಗು, ಟಿಪ್ಪಣಿ, ಫೋಲ್ಡರು ಸೇರಿ ಒಂದಾಗುತ್ತವೆ. ಇದನ್ನ ಗುಂಪಿಗೆ ಎಳೆಯುವ ಮುಂಚೆ ಮುಗಿಸಿ. ಒಂದು ಪ್ರತಿ ಸ್ವಂತದ್ದರಲ್ಲಿ, ಇನ್ನೊಂದು ಗುಂಪಿನಲ್ಲಿ ಇದ್ದರೆ ಅವನ್ನ ಮರ್ಜ್ ಮಾಡೋಕೆ ಆಗಲ್ಲ.

ಕೇಳಿದವರು: ಝೊಟೆರೊದಲ್ಲಿ ಉಚಿತ ಜಾಗ 300 ಎಂಬಿ ಮಾತ್ರ ಅಲ್ವಾ? ನಮಗೆ ಯಾರೂ ದುಡ್ಡು ಕೊಡಲ್ಲ.

ಪೋಸ್ಟ್‌ಡಾಕ್, ಸ್ವೀಡನ್: 300 ಎಂಬಿ ಮಿತಿ ಫೈಲುಗಳಿಗೆ ಮಾತ್ರ. ಲೇಖನದ ವಿವರ, ಟ್ಯಾಗು, ಟಿಪ್ಪಣಿಗೆ ಮಿತಿ ಇಲ್ಲ. ಸೆಟ್ಟಿಂಗ್ಸ್‌ನ `Sync` ಪುಟದಲ್ಲಿ ಸ್ವಂತ ಲೈಬ್ರರಿಯ ಫೈಲಿಗೆ ಒಂದು ಟಿಕ್, ಗುಂಪಿನ ಫೈಲಿಗೆ ಬೇರೆ ಟಿಕ್ ಇದೆ. ಸ್ವಂತದ್ದರ ಟಿಕ್ ತೆಗೆಯಿರಿ, ನಿಮ್ಮ 1.8 ಜಿಬಿ ಕಂಪ್ಯೂಟರಿನಲ್ಲೇ ಇರಲಿ. ಕಾಲೇಜಿನಲ್ಲಿ ವೆಬ್‌ಡ್ಯಾವ್ ಸರ್ವರ್ ಸಿಕ್ಕರೆ ಅದನ್ನ ಅಲ್ಲಿ ಇಡಬಹುದು. ಗುಂಪಿಗೆ ವೆಬ್‌ಡ್ಯಾವ್ ನಡೆಯಲ್ಲ, ಝೊಟೆರೊ ಜಾಗವೇ ಬೇಕು. ನಿಮ್ಮ ಗುಂಪಿನ 250 ಎಂಬಿ ಗುಂಪಿನ ಮಾಲೀಕರ 300 ರೊಳಗೆ ಹಿಡಿಸುತ್ತದೆ. ಮಿಕ್ಕ ನಾಲ್ವರ ಲೆಕ್ಕಕ್ಕೆ ಏನೂ ಬರಲ್ಲ. ಹಾಗಾಗಿ ಯಾರ ಖಾತೆ ಖಾಲಿ ಇದೆಯೋ ಅವರೇ ಗುಂಪು ಮಾಡಲಿ.

ಮಣ್ಣು ವಿಜ್ಞಾನ, ರಾಯಚೂರು: ಉಳಿಯೋದು 50 ಎಂಬಿ. ಐದು ಜನ ಪೇಪರ್ ಹಾಕ್ತಾ ಹೋದರೆ ಈ ವರ್ಷವೇ ತುಂಬುತ್ತೆ. 2 ಜಿಬಿಗೆ ವರ್ಷಕ್ಕೆ 20 ಡಾಲರ್. ಐದು ಜನ ಹಂಚಿಕೊಂಡರೆ ಭಾರ ಆಗಲ್ಲ.

ಕೇಳಿದವರು: ಗುಂಪು ಯಾರ ಹೆಸರಲ್ಲಿ ಅಂತ ಸರ್ ಹತ್ತಿರ ಕೇಳ್ತೀನಿ. ನಾಳೆ ಮೊದಲು ಬ್ರೌಸರ್‌ನಲ್ಲಿ ಪಿಡಿಎಫ್ ತೆರೆಯುತ್ತಾ ನೋಡ್ತೀನಿ. ಸರ್ ಹಾಕಿದ ಕಾಮೆಂಟಿರೋ ಪೇಪರುಗಳನ್ನ ಆರಿಸಿ ಬೇರೆ ಪಟ್ಟಿ ಮಾಡ್ತೀನಿ, ಅವನ್ನ ಕೈಯಲ್ಲೇ ಎಕ್ಸ್‌ಪೋರ್ಟ್ ಮಾಡೋದು ಅಂತ ಅಂದುಕೊಂಡಿದ್ದೀನಿ. ಇನ್ನೊಂದು: ಅರ್ಧ ಬರೆದ ಥೀಸಿಸ್ ವರ್ಡ್‌ನಲ್ಲಿದೆ, ಅದರಲ್ಲಿ ಮೆಂಡೆಲಿಯ ಉಲ್ಲೇಖಗಳಿವೆ. ಅದನ್ನ ಏನು ಮಾಡೋದು?

ಲೈಬ್ರರಿಯನ್, ಶಿವಮೊಗ್ಗ: ಯಾವ ಪ್ಲಗಿನ್‌ನಿಂದ ಹಾಕಿದ್ದು ಹೇಳಿ. ಹಳೆಯ ಮೆಂಡೆಲಿ ಡೆಸ್ಕ್‌ಟಾಪ್‌ನದಾದರೆ ಝೊಟೆರೊ ಗುರುತು ಹಿಡಿಯುತ್ತದೆ. ಹೊಸ `Mendeley Cite` ಆಡ್-ಇನ್‌ನದಾದರೆ ಅಷ್ಟು ಸಲೀಸಲ್ಲ. ಎರಡರಲ್ಲಿ ಯಾವುದಾದರೂ, ಥೀಸಿಸ್‌ನ ಪ್ರತಿ ತೆಗೆದು ಅದರ ಮೇಲೆ ಮಾಡಿ ನೋಡಿ. ಮೂಲ ಫೈಲ್ ಮುಟ್ಟಬೇಡಿ. ಅದು ಮುಗಿಯುವವರೆಗೆ ಮೆಂಡೆಲಿ ಖಾತೆಯನ್ನೂ ಮುಚ್ಚಬೇಡಿ.