ಟ್ಯಾಂಕರ್ ಹಾಲು: ಲೀಟರ್‌ನಿಂದ ಕೆಜಿ ಮಾಡಿದರೆ ವೇಬ್ರಿಡ್ಜ್‌ಗಿಂತ 60 ಕೆಜಿ ಕಡಿಮೆ ಬರ್ತಿದೆ

ಬಿಎಂಸಿ_ಲೆಕ್ಕ (ಶಿಗ್ಗಾವಿ ಕಡೆ)

ನಮ್ಮ ಬಲ್ಕ್ ಕೂಲರ್‌ನಲ್ಲಿ ಲೆಕ್ಕ ಬರೆಯುವವನು ನಾನು. ಟ್ಯಾಂಕರ್‌ಗೆ ತುಂಬುವ ಮುಂಚೆ ಡಿಪ್ ಕಡ್ಡಿ ನೋಡಿ ಲೀಟರ್ ಬರೆಯುತ್ತೇನೆ. ಎಕ್ಸೆಲ್ ಶೀಟ್ ಅದನ್ನು ಕೆಜಿ ಮಾಡುತ್ತದೆ. ಫ್ಯಾಟ್ 3.5 ಇದ್ದರೆ ಸಾಂದ್ರತೆ 1.0300, ಫ್ಯಾಟ್ ಒಂದು ಏರಿದರೆ 0.001 ಕಳೆಯಬೇಕು ಅಂತ ಶೀಟಲ್ಲಿ ಹಾಕಿದ್ದೇನೆ.

ಮೊನ್ನೆ 9,200 ಲೀಟರ್, ಫ್ಯಾಟ್ 5.2. ಈ ಸಲ ಎಮ್ಮೆ ಹಾಲು ಜಾಸ್ತಿ. ಶೀಟ್ ಪ್ರಕಾರ 1.0283, ಅಂದರೆ 9,460 ಕೆಜಿ. ಇಳಿಸುವ ಕಡೆ ವೇಬ್ರಿಡ್ಜ್ ಚೀಟಿಯಲ್ಲಿ ನೆಟ್ 9,520. ಹೆಚ್ಚು ಬಂದಿದೆಯಲ್ಲ, ಸುಮ್ನಿರು ಅನ್ನಬಹುದು. ಆದರೆ ಸಂಘದ ಮೀಟಿಂಗಲ್ಲಿ 'ಈ 60 ಕೆಜಿ ಎಲ್ಲಿಂದ ಬಂತು, ದಾರಿಯಲ್ಲಿ ನೀರು ಹಾಕಿದ್ರಾ' ಅಂತ ಕೇಳಿದರು. ಡ್ರೈವರ್ ಪಾಪ ನನ್ನ ಮುಖ ನೋಡಿದ. ಶೀಟಲ್ಲಿ ಏನು ತಪ್ಪು?

ರೋಣದ_ಹುಡುಗ

0.001 ಜಾಸ್ತಿ ಆಯ್ತು ಅಣ್ಣಾ. ಫ್ಯಾಟ್ ಒಂದಕ್ಕೆ 0.0008 ಹಾಕಬೇಕು. ಕೆನೆ ತೇಲುತ್ತದೆ ಅಲ್ವಾ, ಅದಕ್ಕೇ ಫ್ಯಾಟ್ ಏರಿದರೆ ಹಾಲು ಹಗುರ. ಅದನ್ನು ತಿದ್ದಿ, ಸರಿ ಹೋಗುತ್ತದೆ.

ಪೇಡೆ_ಮನೆ (ಧಾರವಾಡ)

ನಾವು ಎಮ್ಮೆ ಹಾಲು ಲೀಟರ್ ಲೆಕ್ಕದಲ್ಲೇ ತಗೊಂಡು ಖೋವಾ ಕಾಯಿಸುವವರು. ಹತ್ತು ಲೀಟರ್‌ಗೆ ಖೋವಾ ಎಷ್ಟು ಇಳಿಯಬೇಕು ಅನ್ನುವುದಕ್ಕೂ ಇದೇ ಸಾಂದ್ರತೆ ಹಾಕಬೇಕಾ?

ಬಿಎಂಸಿ_ಲೆಕ್ಕ

@ರೋಣದ_ಹುಡುಗ ಹಾಕಿ ನೋಡಿದೆ ತಮ್ಮಾ. 9,460 ಹೋಗಿ 9,463 ಆಯ್ತು. ಇನ್ನೂ 57 ಕೆಜಿ ಬಾಕಿ!

ಹಳೇ_ಲ್ಯಾಬ್ (ಗದಗ)

ಹುಡುಗ ಹೇಳಿದ 0.0008 ಸರಿಯಾದ ಅಂಕಿ. ಆದರೆ ಅದು ಅರ್ಧ ಕಥೆ. ಫ್ಯಾಟ್ ಮಾತ್ರ ಏರಿ ಉಳಿದದ್ದೆಲ್ಲ ಹಾಗೇ ಇದ್ದರೆ ಸಾಂದ್ರತೆ ಅಷ್ಟು ಇಳಿಯುತ್ತದೆ. ಎಮ್ಮೆ ಹಾಲಿನಲ್ಲಿ ಹಾಗಾಗುವುದಿಲ್ಲ. ಫ್ಯಾಟ್ ಜೊತೆಗೆ ಎಸ್‌ಎನ್‌ಎಫ್ ಕೂಡ ಏರಿರುತ್ತದೆ. ಎಸ್‌ಎನ್‌ಎಫ್ ಒಂದು ಪರ್ಸೆಂಟ್ ಏರಿದರೆ ಸಾಂದ್ರತೆ 0.004ರಷ್ಟು ಏರುತ್ತದೆ, ಫ್ಯಾಟ್ ಇಳಿಸುವುದರ ಐದು ಪಟ್ಟು. ಅದಕ್ಕೇ ಗಟ್ಟಿ ಎಮ್ಮೆ ಹಾಲು ಫ್ಯಾಟ್ ಜಾಸ್ತಿ ಇದ್ದರೂ ಹಸುವಿನ ಹಾಲಿಗಿಂತ ಹಗುರ ಆಗುವುದಿಲ್ಲ, ಎಷ್ಟೋ ಸಲ ತುಸು ಭಾರವೇ ಇರುತ್ತದೆ. ಫ್ಯಾಟ್ ಒಂದನ್ನೇ ನೋಡಿ ಸಾಂದ್ರತೆ ಕಟ್ಟಬೇಡಿ. ಲ್ಯಾಕ್ಟೋಮೀಟರ್ ಇದೆಯಲ್ಲ, ಅದು ಎರಡನ್ನೂ ಒಟ್ಟಿಗೆ ಹೇಳುತ್ತದೆ. ಆ ದಿನದ ಸಿಎಲ್‌ಆರ್ ಎಷ್ಟು? ಕೂಲರ್‌ನಲ್ಲಿ ಹಾಲು ಎಷ್ಟು ಡಿಗ್ರಿ ಇತ್ತು?

ಬಿಎಂಸಿ_ಲೆಕ್ಕ

ಸಿಎಲ್‌ಆರ್ 29.5. ಲ್ಯಾಕ್ಟೋಮೀಟರ್ ಕಡ್ಡಿ ಮೇಲೆ 27°C ಅಂತ ಬರೆದಿದೆ. ಕೂಲರ್ 5 ಡಿಗ್ರಿ ತೋರಿಸ್ತಿತ್ತು. ಸಿಎಲ್‌ಆರ್‌ನಲ್ಲಿ ಟೆಂಪರೇಚರ್ ತಿದ್ದಿರುತ್ತದಲ್ಲ, ಮತ್ತೆ ಡಿಗ್ರಿ ಯಾಕೆ ಬೇಕು ಸರ?

ಹಳೇ_ಲ್ಯಾಬ್ (ಗದಗ)

ನಿಮ್ಮ 60 ಕೆಜಿ ಅಡಗಿರುವುದೇ ಅಲ್ಲಿ. ಸಿಎಲ್‌ಆರ್ 29.5 ಅಂದರೆ ಆ ಹಾಲು 27 ಡಿಗ್ರಿಯಲ್ಲಿ ಇದ್ದಿದ್ದರೆ ಸಾಂದ್ರತೆ 1.0295 ಇರುತ್ತಿತ್ತು ಅಂತ. ನೀವು ಲೀಟರ್ ಅಳೆದದ್ದು 5 ಡಿಗ್ರಿಯಲ್ಲಿ. ತಣ್ಣಗಾದ ಹಾಲು ಕುಗ್ಗಿರುತ್ತದೆ, ಅದೇ ಒಂದು ಲೀಟರ್‌ನಲ್ಲಿ ಜಾಸ್ತಿ ತೂಕ ಹಿಡಿಸುತ್ತದೆ. ಲೀಟರ್ ಯಾವ ಡಿಗ್ರಿಯದೋ ಸಾಂದ್ರತೆಯೂ ಅದೇ ಡಿಗ್ರಿಯದಿರಬೇಕು. ಅಂದಾಜಿಗೆ ಒಂದು ಡಿಗ್ರಿಗೆ 0.0002 ಹಿಡಿಯಿರಿ.

```
=B2*(1+C2/1000+(27-D2)*0.0002)
```

B2 ಲೀಟರ್, C2 ಸಿಎಲ್‌ಆರ್, D2 ಡಿಪ್ ನೋಡಿದಾಗ ಹಾಲಿನ ಡಿಗ್ರಿ.

ನಿಮ್ಮ ಲೋಡ್‌ಗೆ: 22 ಡಿಗ್ರಿ ವ್ಯತ್ಯಾಸಕ್ಕೆ 0.0044. ಸಾಂದ್ರತೆ 1.0339. 9,200 ಲೀಟರ್‌ಗೆ 9,512 ಕೆಜಿ. ಅಂದರೆ ಫ್ಯಾಟ್ ಸೂತ್ರ ಬಿಟ್ಟು ಸಿಎಲ್‌ಆರ್ ಹಿಡಿದಾಗ 11 ಕೆಜಿ ಸಿಕ್ಕಿತು, ಬರೀ ತಣುವಿಗೆ 40 ಕೆಜಿ. ಇಷ್ಟು ದಿನ ನೀವು ಜಗಳ ಆಡಿದ್ದು ಚಿಕ್ಕ ಪಾಲಿನ ಜೊತೆ. ಉಳಿದ 8 ಕೆಜಿ ವೇಬ್ರಿಡ್ಜ್‌ನ ಒಂದು ಮೆಟ್ಟಿಲೂ ಅಲ್ಲ, ಅದು 10 ಕೆಜಿಗೊಂದು ಸಲ ಜಿಗಿಯುವ ಮಶೀನ್ ಆಗಿದ್ದರೆ.

ಎರಡು ಎಚ್ಚರಿಕೆ. ಹಳೇ ಲ್ಯಾಕ್ಟೋಮೀಟರ್‌ಗಳು 60°F ಗುರುತಿನವು, ಅಂದರೆ 15.5 ಡಿಗ್ರಿ. ಅಂಥದ್ದಾದರೆ ಸೂತ್ರದಲ್ಲಿ 27ರ ಜಾಗಕ್ಕೆ 15.5 ಬರುತ್ತದೆ. ಇನ್ನೊಂದು, ತೀರಾ ತಣ್ಣಗಾದಾಗ ಕೊಬ್ಬು ಗಟ್ಟಿಯಾಗುತ್ತಾ ಹೋಗುತ್ತದೆ, ಅಲ್ಲಿ ಡಿಗ್ರಿಗೆ 0.0002ಕ್ಕಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ಹಾಗಾಗಿ 4-5 ಡಿಗ್ರಿಯಲ್ಲಿ ಸೂತ್ರ ಸ್ವಲ್ಪ ಕಡಿಮೆ ತೋರಿಸುತ್ತದೆ.

ನೀರಿನ ಮಾತಿಗೆ ಉತ್ತರ ಬೇಕಾದರೆ: ನೀರು ಬೆರೆತರೆ ಸಿಎಲ್‌ಆರ್ ಇಳಿಯುತ್ತದೆ, ನೂರಕ್ಕೆ ಒಂದು ಲೀಟರ್‌ಗೆ ಸುಮಾರು 0.3. ಇಳಿಸುವ ಕಡೆ ತೆಗೆದ ಸ್ಯಾಂಪಲ್‌ನ ಸಿಎಲ್‌ಆರ್ ನಿಮ್ಮದಕ್ಕೆ ಹೊಂದಿದೆಯಾ ಅಂತ ಚೀಟಿ ನೋಡಿ. ಆದರೆ 9,200 ಲೀಟರ್‌ಗೆ 60 ಲೀಟರ್ ನೀರು ಹಾಕಿದರೆ ಬರುವ ವ್ಯತ್ಯಾಸ 0.2. ಅಷ್ಟು ಚಿಕ್ಕದನ್ನು ಲ್ಯಾಕ್ಟೋಮೀಟರ್ ನೋಡಿ ಆಣೆ ಮಾಡಿ ಹೇಳಲು ಆಗುವುದಿಲ್ಲ.

ಪೇಡೆ_ಮನೆ (ಧಾರವಾಡ)

ನನ್ನ ಖೋವಾ?

ಹಳೇ_ಲ್ಯಾಬ್ (ಗದಗ)

ನಿಮ್ಮದಕ್ಕೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ ಕೂಡಿಸಿ ನೋಡಬೇಕು ರೀ. ಅಲ್ಲಿ ಸಾಂದ್ರತೆಯ ಪಾತ್ರ ತುಂಬಾ ಚಿಕ್ಕದು. ಬೇರೆ ಪೋಸ್ಟ್ ಹಾಕಿ, ಬರೆಯುತ್ತೇನೆ.

ಬಿಎಂಸಿ_ಲೆಕ್ಕ

ಮೀಟಿಂಗಲ್ಲಿ ಸೂತ್ರ ತೋರಿಸಿದರೆ ಯಾರೂ ನಂಬಲ್ಲ ಸರ. ಕಣ್ಣಿಗೆ ಕಾಣುವ ಹಾಗೆ ಏನಾದರೂ ಇದೆಯಾ?

ಹಳೇ_ಲ್ಯಾಬ್ (ಗದಗ)

ಇದೆ. ಕತ್ತಿನ ಮೇಲೆ ಗೆರೆ ಇರುವ 500 ಎಂಎಲ್ ಗಾಜಿನ ಫ್ಲಾಸ್ಕ್ ತನ್ನಿ. 0.1 ಗ್ರಾಂ ತೋರಿಸುವ ತಕ್ಕಡಿ ಬೇಕು. ಒಂದು ಗ್ರಾಂ ತಕ್ಕಡಿ ಸಾಲದು, ಒಂದು ಗ್ರಾಂ ತಪ್ಪಿದರೆ ಲೋಡ್‌ನಲ್ಲಿ 18 ಕೆಜಿ ತಪ್ಪುತ್ತದೆ. ಮೊದಲು ಫ್ರಿಜ್‌ನಲ್ಲಿಟ್ಟ 5 ಡಿಗ್ರಿ ನೀರನ್ನು ಗೆರೆವರೆಗೆ ತುಂಬಿ ತೂಗಿ. ಆ ಡಿಗ್ರಿಯಲ್ಲಿ ನೀರಿನ ಸಾಂದ್ರತೆ 1 ಅಂತಲೇ ಹಿಡಿಯಬಹುದು. ಆಮೇಲೆ ಅದೇ ಫ್ಲಾಸ್ಕ್ ಒಣಗಿಸಿ, ಕೂಲರ್‌ನಿಂದ ನೇರ ತೆಗೆದ ಹಾಲನ್ನು ಅದೇ ಗೆರೆವರೆಗೆ. ನೊರೆ ಇರಬಾರದು. ಹೊರಗೆ ಇಬ್ಬನಿ ಕೂತರೆ ಒರೆಸಿ ತೂಗಿ, ಆ ಹನಿಗಳಿಗೂ ತೂಕ ಇದೆ. ಎರಡರಲ್ಲೂ ಖಾಲಿ ಫ್ಲಾಸ್ಕ್ ತೂಕ ಕಳೆದು, ಹಾಲನ್ನು ನೀರಿನಿಂದ ಭಾಗಿಸಿ.

ಬಿಎಂಸಿ_ಲೆಕ್ಕ *(ಮೂರು ದಿನ ಬಿಟ್ಟು)*

ಹೈಸ್ಕೂಲ್ ಲ್ಯಾಬ್‌ನಿಂದ ಫ್ಲಾಸ್ಕ್ ಕೇಳಿ ತಂದೆ. ತಕ್ಕಡಿ ಅಕ್ಕಸಾಲಿಗರ ಅಂಗಡಿಯದು, ಅಲ್ಲಿಗೇ ಐಸ್ ಡಬ್ಬಿಯಲ್ಲಿ ಹಾಲು ಒಯ್ದೆ. ಆವತ್ತೂ ಫ್ಯಾಟ್ 5.2, ಸಿಎಲ್‌ಆರ್ 29.5. ನೀರು 499.2 ಗ್ರಾಂ, ಹಾಲು 516.3. ಭಾಗಿಸಿದರೆ 1.0343. ಅದೇ ಸಾಂದ್ರತೆ ಮೊನ್ನೆಯ 9,200ಕ್ಕೆ ಹಾಕಿದರೆ 9,516 ಕೆಜಿ. ಅಧ್ಯಕ್ಷರೇ ನಿಂತು ನೋಡಿದರು, ಡ್ರೈವರ್‌ಗೆ ಚಹಾ ಕುಡಿಸಿದರು.

ಆದರೆ ನಿನ್ನೆಯ ಲೋಡ್ ಉಲ್ಟಾ. ಹೊಸ ಸೂತ್ರದಲ್ಲಿ ವೇಬ್ರಿಡ್ಜ್ 35 ಕೆಜಿ ಕಡಿಮೆ ತೋರಿಸ್ತಿದೆ. ಸಿಎಲ್‌ಆರ್, ಡಿಗ್ರಿ ಎರಡೂ ಸರಿ ಇವೆ.

ಗಾಡಿ_ಮಾಲೀಕ (ರಾಣೇಬೆನ್ನೂರು)

ಖಾಲಿ ಗಾಡಿ ತೂಕ ಯಾವಾಗ ಮಾಡಿದ್ದು ಕೇಳಿ. ನಮ್ಮದರಲ್ಲಿ ಹೀಗೇ ಆಗಿತ್ತು. ಹಾಲು ಇಳಿಸಿ, ಟ್ಯಾಂಕ್ ತೊಳೆದು, ನೀರು ಪೂರ್ತಿ ಬಸಿಯುವ ಮುಂಚೆ ಖಾಲಿ ತೂಕ ಹಾಕಿದರು. ಒಳಗೆ ಉಳಿದ ನೀರೆಲ್ಲ ನಮ್ಮ ಹಾಲಿನ ತೂಕದಿಂದ ಕಳೆದುಹೋಯ್ತು. ತುಂಬಿದ ತೂಕದ ಹೊತ್ತಿಗೆ ಕ್ಲೀನರ್ ಕ್ಯಾಬಿನ್‌ನಿಂದ ಇಳಿದು, ಖಾಲಿ ತೂಕದ ಹೊತ್ತಿಗೆ ಹತ್ತಿ ಕೂತರೂ ಅಷ್ಟೇ, 60 ಕೆಜಿ ಹೋಯ್ತು. ನಡುವೆ ಡೀಸೆಲ್ ಹಾಕಿಸಿದರಂತೂ ಕೇಳಲೇಬೇಡಿ.

ರೋಣದ_ಹುಡುಗ

ಕೂಲರ್ ನೆಲ ಕುಸಿದು ವಾಲಿದ್ದರೂ ಡಿಪ್ ತಪ್ಪು ತೋರಿಸುತ್ತದೆ ಅಣ್ಣಾ. ಸ್ಪಿರಿಟ್ ಲೆವೆಲ್ ಇಟ್ಟು ನೋಡಿ.

ಹಳೇ_ಲ್ಯಾಬ್ (ಗದಗ)

ಈ ಸಲ ಹುಡುಗ ಪೂರ್ತಿ ಸರಿ. ಆದರೆ ಕೂಲರ್ ವಾಲಿದ್ದರೆ ಪ್ರತಿ ಲೋಡ್‌ನಲ್ಲೂ ತಪ್ಪು ಒಂದೇ ಕಡೆಗೆ ಬರಬೇಕಿತ್ತು. ಮೊದಲ ಲೋಡ್ ಹೊಂದಿ ಎರಡನೆಯದು ಮಾತ್ರ ತಪ್ಪಿದೆ. ನನಗೆ ಖಾಲಿ ತೂಕದ ಮೇಲೇ ಅನುಮಾನ.

ಬಿಎಂಸಿ_ಲೆಕ್ಕ

ಚೀಟಿಯಲ್ಲಿ ಖಾಲಿ ತೂಕದ ಹೊತ್ತು, ತುಂಬಿದ ತೂಕಕ್ಕಿಂತ 1 ಗಂಟೆ 50 ನಿಮಿಷ ತಡ ಇದೆ. ನಡುವೆ ತೊಳೆದದ್ದು ಹೌದು ಅಂತಾನೆ ಡ್ರೈವರ್. ನಾಳಿನ ಟ್ರಿಪ್‌ಗೆ ನಾನೇ ಹೋಗುತ್ತಿದ್ದೇನೆ. ತೊಳೆಯುವ ಮುಂಚೆ ಒಂದು, ಆಮೇಲೆ ಒಂದು, ಎರಡು ಸಲ ಖಾಲಿ ತೂಕ ಮಾಡಿಸಿ ಇಲ್ಲಿ ಹಾಕುತ್ತೇನೆ.